ಕಾಲುವೆ ಲೈನಿಂಗ್ ಸಮೀಕ್ಷೆ: ಸೋರಿಕೆ ಅಳೆದು, ಹಂತ ಹಂತವಾಗಿ ದುರಸ್ತಿ ಮಾಡುವ ಬಗೆ

ಕಾಲುವೆ ದುರಸ್ತಿಯ ಪ್ರಸ್ತಾವ ಬರೆಯುವವರು ಸಾಮಾನ್ಯವಾಗಿ ಒಂದೇ ಹಾದಿ ಹಿಡಿಯುತ್ತಾರೆ. ಕಾಲುವೆಗೆ ನೀರು ಬಂದ್ ಆದ ಮೇಲೆ ಒಂದು ದಿನ ಜೀಪಿನಲ್ಲಿ ಏರಿಯ ಮೇಲೆ ಹೋಗಿ, ಒಡೆದ ಕಡೆಯೆಲ್ಲ ಫೋಟೊ ತೆಗೆದು, ಪೂರ್ತಿ ಉದ್ದಕ್ಕೂ ಹೊಸ ಲೈನಿಂಗ್, ಅಂದರೆ ತಳಕ್ಕೂ ಬದಿಗೂ ಕಾಂಕ್ರೀಟಿನ ಹೊದಿಕೆ, ಬೇಕು ಎಂದು ಬರೆದು ಕಳಿಸುತ್ತಾರೆ. ಅಷ್ಟು ಹಣ ಒಮ್ಮೆಲೇ ಬರುವುದಿಲ್ಲ. ಬಂದಷ್ಟರಲ್ಲಿ ಸೊನ್ನೆ ಕಿಲೋಮೀಟರಿನಿಂದ ಕೆಲಸ ಶುರುವಾಗುತ್ತದೆ, ಎರಡನೇ ಕಿಲೋಮೀಟರಿಗೆ ಹಣ ಮುಗಿಯುತ್ತದೆ. ನೀರು ಸೋರುವುದು ಮೂರನೇ ಕಿಲೋಮೀಟರಿನಲ್ಲಿದ್ದರೆ ಕೊನೆಯ ರೈತನಿಗೆ ಆ ವರ್ಷವೂ ನೀರು ಮುಟ್ಟುವುದಿಲ್ಲ.

ನಾನು ಇಂಡಿ ಕಡೆಯವನು, ಪುಣೆಗೆ ಬಂದು 16 ವರ್ಷವಾಯಿತು. ಧಾರವಾಡ, ಬೆಳಗಾವಿ, ಕಲಬುರಗಿಯಿಂದ ಡಿಪ್ಲೊಮಾ ಮುಗಿಸಿ ಇಲ್ಲಿಯ ಕಚೇರಿಗಳಿಗೆ ಸೇರುವ ನಮ್ಮ ಹುಡುಗರಿಗೆ ಈ ಕೆಲಸ ಕಲಿಸುವಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ದೌಂಡ್ ಕಡೆಯ ಒಂದು ಶಾಖಾ ಕಾಲುವೆಯ ಆರು ಕಿಲೋಮೀಟರ್ ತೆಗೆದುಕೊಳ್ಳೋಣ. ತಳದ ಅಗಲ 2 ಮೀಟರ್, ತುಂಬಿ ಹರಿಯುವಾಗ ಆಳ 1.2 ಮೀಟರ್. ಬದಿಯ ಇಳಿಜಾರು ಒಂದೂವರೆಗೆ ಒಂದು, ಉದ್ದದ ಇಳುಕಲು 4000ಕ್ಕೆ 1. ಕಾಂಕ್ರೀಟ್ ಲೈನಿಂಗ್ ಹಳೆಯದು. ಮೊದಲ 2.4 ಕಿಲೋಮೀಟರ್ ಗರಸಿನಲ್ಲಿ ಅಗೆದದ್ದು, ನಂತರದ 1.2 ಕಿಲೋಮೀಟರ್ ಮಣ್ಣು ಹಾಕಿ ಎತ್ತರಿಸಿದ ಏರಿ, ಕೊನೆಯ 2.4 ಕಿಲೋಮೀಟರ್ ಎರೆಮಣ್ಣು. ಇವನ್ನು ಎ, ಬಿ, ಸಿ ಎಂದು ಕರೆಯುತ್ತೇನೆ. ಸಮೀಕ್ಷೆಯ ಮೊದಲ ಕೆಲಸವೇ ಹೀಗೆ ಕೆಳಗಿನ ಮಣ್ಣು ನೋಡಿ ಕಾಲುವೆಯನ್ನು ತುಂಡು ಮಾಡಿಕೊಳ್ಳುವುದು. ಒಂದೇ ಬಗೆಯ ಬಿರುಕಿಗೆ ಗರಸಿನ ಮೇಲೆ ಒಂದು ಅರ್ಥ, ಏರಿಯ ಮೇಲೆ ಇನ್ನೊಂದು.

ಎರಡು ಸಲ ನಡೆಯಬೇಕು

ಮೊದಲ ನಡಿಗೆ ನೀರು ಹರಿಯುತ್ತಿರುವಾಗ, ಕಾಲುವೆಯ ಹೊರಗೆ. ಇಲ್ಲಿ ನೀರು ಆವರ್ತನದ ಲೆಕ್ಕದಲ್ಲಿ ಬರುತ್ತದೆ: ಕೆಲವು ದಿನ ಹರಿವು, ಆಮೇಲೆ ಬಂದ್. ಹರಿವು ಶುರುವಾಗಿ ಎಂಟು ದಿನ ಕಳೆಯಲಿ, ಏರಿಯ ಮಣ್ಣು ನೆನೆಯಲಿ. ಆಮೇಲೆ ಏರಿಯ ಹೊರಬುಡದ ಗುಂಟ ನಡೆಯಿರಿ. ಸುತ್ತಲೂ ಒಣಗಿರುವಾಗ ಒಂದೇ ಪಟ್ಟಿಯಲ್ಲಿ ಹಸಿರು ಹುಲ್ಲು, ಜೊಂಡು, ಕಾಲಿಟ್ಟರೆ ತಗ್ಗುವ ಮಣ್ಣು, ಒಣಗಿದ ಅಂಚಿನಲ್ಲಿ ಬಿಳಿ ಸವುಳು ಕಂಡರೆ ಚೈನೇಜ್, ಅಂದರೆ ಕಾಲುವೆಯ ಮೊದಲಿನಿಂದ ಆ ಜಾಗ ಎಷ್ಟು ದೂರ ಎಂದು, ಬರೆದುಕೊಳ್ಳಿ. ಜಿನುಗುವ ನೀರು ತಿಳಿಯಾಗಿದೆಯೋ ಕದಡಿದೆಯೋ ಎಂದು ಬೊಗಸೆಯಲ್ಲಿ ಹಿಡಿದು ನೋಡಬೇಕು. ತಿಳಿ ನೀರು ಬಂದರೆ ಅದು ಬರೀ ಸೋರಿಕೆ. ಕದಡಿದ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ, ಒಳಗೆ ಕೊಳವೆಯಂಥ ದಾರಿ ಬೆಳೆಯುತ್ತಿದೆ. ಅದು ಪ್ರಸ್ತಾವದ ಸಾಲಿಗೆ ಕಾಯುವ ವಿಷಯವಲ್ಲ. ಅವತ್ತೇ ಹರಿವು ತಗ್ಗಿಸಲು ಹೇಳಬೇಕು. 2018ರ ಸೆಪ್ಟೆಂಬರ್ 27ರಂದು ಪುಣೆಯ ದಾಂಡೇಕರ್ ಸೇತುವೆಯ ಬಳಿ ಮುಠಾ ಬಲದಂಡೆ ಕಾಲುವೆಯ ಗೋಡೆ ಕುಸಿದು ಮನೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿ ಇದ್ದವರು ಮರೆತಿಲ್ಲ.

ಪಾಟಕರಿಯನ್ನು, ಅಂದರೆ ನಮ್ಮ ಕಡೆಯ ನೀರುಗಂಟಿಯನ್ನು, ಜೊತೆಗೆ ಕರೆದುಕೊಂಡು ಹೋಗಿ. ಯಾವ ಬಾವಿಯ ನೀರು ಕಾಲುವೆ ಬಿಟ್ಟ ಮೂರನೇ ದಿನಕ್ಕೆ ಏರುತ್ತದೆ, ಯಾರ ಹೊಲದಲ್ಲಿ ಬೇಸಿಗೆಯಲ್ಲೂ ಟ್ರ್ಯಾಕ್ಟರ್ ಹೂತುಹೋಗುತ್ತದೆ ಎಂಬುದು ಅವನ ಬಾಯಲ್ಲಿರುತ್ತದೆ.

ಎರಡನೇ ನಡಿಗೆ ನೀರು ಬಂದ್ ಆಗಿ ಒಣಗಿದ ಮೇಲೆ, ಕಾಲುವೆಯ ಒಳಗೆ. ಪ್ರತಿ 30 ಮೀಟರಿಗೆ ಬಣ್ಣದಿಂದ ಗುರುತು ಹಾಕಿ, ಲೈನಿಂಗಿನ ಒಂದೊಂದು ಕಾಂಕ್ರೀಟ್ ಪ್ಯಾನೆಲಿಗೂ ಮೂರು ಪ್ರಶ್ನೆ ಕೇಳಬೇಕು. ಬಿರುಕು ಎಷ್ಟು ಅಗಲ, ಯಾವ ದಿಕ್ಕಿಗೆ ಹೋಗಿದೆ? ಜಾಯಿಂಟಿನಲ್ಲಿ ತುಂಬಿದ ಮಾಲು ಇದೆಯೋ, ಹುಲ್ಲು ಬೆಳೆದಿದೆಯೋ? ಪ್ಯಾನೆಲ್ ಕೆಳಗೆ ಮಣ್ಣು ಇದೆಯೋ, ಟೊಳ್ಳೋ?

ಮೂರನೆಯದಕ್ಕೆ ಉತ್ತರ ಸುತ್ತಿಗೆಯಲ್ಲಿದೆ. ನಮ್ಮ ಜೊತೆ ಬಂದಿದ್ದ ಮೇಸ್ತ್ರಿ ಅಫಜಲಪುರ ಕಡೆಯವರು, ಅರವತ್ತರ ಹತ್ತಿರದವರು. ಎರಡು ಕಿಲೋ ಸುತ್ತಿಗೆಯನ್ನು ಎತ್ತಿ ಹೊಡೆಯದೆ, ಹಿಡಿಕೆ ಸಡಿಲ ಬಿಟ್ಟು ಅದರ ಭಾರಕ್ಕೇ ಬೀಳಿಸುತ್ತಿದ್ದರು. ಗಟ್ಟಿ ಇದ್ದಲ್ಲಿ "ಟಣ್" ಎಂದು ಪುಟಿಯಿತು, ಟೊಳ್ಳು ಇದ್ದಲ್ಲಿ "ಡಬ್" ಎಂದು ಕೂತಿತು. ಸಿ ತುಂಡಿನಲ್ಲಿ ಮೇಲೆ ಒಂದೂ ಬಿರುಕಿಲ್ಲದ ಒಂದು ಪ್ಯಾನೆಲ್ ಮೇಲೆ ನಿಂತು, "ಸಾಹೇಬ್ರ, ಇದು ಚಂದ ಕಾಣತೈತಿ ಅಷ್ಟ. ತಳಕ್ಕ ಏನೂ ಇಲ್ರಿ" ಅಂದರು.

"ಒಡೆದು ನೋಡೋಣೇನ್ರಿ, ಕಾಕಾ?" ಅಂದೆ.

ಒಡೆದಾಗ ಕಾಂಕ್ರೀಟಿನ ಅಡಿಯಲ್ಲಿ ಮುಂಗೈ ತೂರುವಷ್ಟು ಪೊಳ್ಳು, ಅದರ ಕೆಳಗೆ ಸೀಳುಬಿಟ್ಟ ಎರೆಮಣ್ಣು. ಪ್ರತಿ ತುಂಡಿನಲ್ಲೂ ಹೀಗೆ ಒಂದು ಪ್ಯಾನೆಲನ್ನಾದರೂ ತೆಗೆದು ನೋಡಬೇಕು, ಆ ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ನೋಟಕ್ಕೆ ಎಲ್ಲಕ್ಕಿಂತ ಕೆಟ್ಟದ್ದು ಎ ತುಂಡು. ತಳದ ಪ್ಯಾನೆಲ್‌ಗಳು ಮೂರು ನಾಲ್ಕು ಚೂರಾಗಿದ್ದವು, ಬೆರಳು ಹೋಗುವ ಬಿರುಕು. ಫೋಟೊ ನೋಡಿದ ಯಾರಾದರೂ ಮೊದಲು ಇದನ್ನೇ ಮಾಡಿ ಎನ್ನುತ್ತಿದ್ದರು. ಬಿ ತುಂಡು ನೋಡಲು ಸುಮಾರಾಗಿ ಚೆನ್ನಾಗಿತ್ತು.

ಹರಿವು ಅಳೆದರೆ ಸಾಲದೇಕೆ

ಸೋರಿಕೆ ಲೆಕ್ಕಕ್ಕೆ ಸುಲಭದ ದಾರಿ ಎಂದರೆ ಮೇಲೆ ಬಂದ ನೀರಿನಲ್ಲಿ ಕೆಳಗೆ ಹೋದದ್ದನ್ನು ಕಳೆಯುವುದು. ಇಪ್ಪತ್ತು ಮೂವತ್ತು ಕಿಲೋಮೀಟರ್ ಉದ್ದದ ಕಾಲುವೆಗೆ ಅದು ಸರಿ. ಆರು ಕಿಲೋಮೀಟರಿಗೆ ನಡೆಯುವುದಿಲ್ಲ. ಕಾರಣ ಹೀಗಿದೆ: ಕಾಲುವೆಯಲ್ಲಿ ಸೆಕೆಂಡಿಗೆ 2.5 ಘನ ಮೀಟರ್ ಹರಿಯುತ್ತಿದೆ ಎನ್ನಿ. ಹರಿವಿನ ವೇಗ ಅಳೆಯುವ ಕರೆಂಟ್ ಮೀಟರಿನಲ್ಲಿ ಎಚ್ಚರದಿಂದ ಅಳೆದರೂ ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ಸಹಜ, ಅಂದರೆ ಸೆಕೆಂಡಿಗೆ 125 ಲೀಟರ್. ಎರಡು ಕಡೆಯ ತಪ್ಪು ಸೇರಿದರೆ ವ್ಯತ್ಯಾಸದಲ್ಲಿ 175 ಲೀಟರ್ ಅನುಮಾನ ಉಳಿಯುತ್ತದೆ. ಹುಡುಕುತ್ತಿರುವ ಸೋರಿಕೆಯೇ 100 ಲೀಟರಿನ ಒಳಗಿದೆ. ಸೋರಿಕೆ ಇಲ್ಲವೇ ಇಲ್ಲ ಎಂದೂ, ಎರಡು ಪಟ್ಟು ಇದೆ ಎಂದೂ ಅದೇ ಅಳತೆಯಿಂದ ಸಾಧಿಸಬಹುದು. ಅದಕ್ಕೇ ನೀರು ನಿಲ್ಲಿಸಿ ಅಳೆಯಬೇಕು. ಭಾರತೀಯ ಮಾನಕ ಐಎಸ್ 9452ರ ಮೊದಲ ಭಾಗ ಈ ಪಾಂಡಿಂಗ್ ವಿಧಾನದ್ದೇ.

ನೀರು ನಿಲ್ಲಿಸಿ ಅಳೆಯುವುದು

ಪ್ರತಿ ತುಂಡಿನಲ್ಲಿ ಒಂದು 300 ಮೀಟರ್ ಆರಿಸಿ. ಅತಿ ಕೆಟ್ಟ ಜಾಗವೂ ಬೇಡ, ಅತಿ ಒಳ್ಳೆಯದೂ ಬೇಡ. ನಿಮ್ಮ ಪ್ಯಾನೆಲ್ ಪಟ್ಟಿಯಲ್ಲಿ ಆ ತುಂಡಿಗೆ ಎಷ್ಟು ದೋಷ ಬಂದಿದೆಯೋ ಹೆಚ್ಚುಕಡಿಮೆ ಅಷ್ಟೇ ದೋಷ ಇರುವ 300 ಮೀಟರ್. ಎರಡು ತುದಿಗೂ ಮಣ್ಣಿನ ಚೀಲಗಳ ಒಡ್ಡು ಕಟ್ಟಿ, ನೀರಿನ ಮುಖಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಾಳೆಯ ಅಂಚನ್ನು ಜೇಡಿಯಿಂದ ಒತ್ತಿಬಿಡಿ. ಒಡ್ಡಿನ ಆಚೆ ಇನ್ನೊಂದು ಚಿಕ್ಕ ಒಡ್ಡು ಕಟ್ಟಿ ನಡುವೆ ಅದೇ ಮಟ್ಟಕ್ಕೆ ನೀರು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಎರಡು ಕಡೆ ಒಂದೇ ಮಟ್ಟ ಇದ್ದರೆ ಒಡ್ಡಿನ ಮೂಲಕ ನೀರು ಓಡಲು ಕಾರಣವೇ ಇರುವುದಿಲ್ಲ. ಈ ಪರೀಕ್ಷೆ ಕೆಡುವುದು ಹತ್ತರಲ್ಲಿ ಎಂಟು ಸಲ ಒಡ್ಡಿನಿಂದಲೇ ಎಂಬುದು ನನ್ನ ಅನುಭವ. ತೂಬುಗಳ ಗೇಟಿಗೂ ಹಾಗೆಯೇ ಹಾಳೆ ಹಾಕಿ ಮುಚ್ಚಬೇಕು.

ಆವರ್ತನ ಮುಗಿಯುವ ದಿನವೇ ಇದಕ್ಕೆ ತಕ್ಕ ಕಾಲ. ಏರಿ ಆಗಲೇ ನೆನೆದಿರುತ್ತದೆ, ತುಂಬಿಸಲು ನೀರೂ ಕೈಯಲ್ಲಿರುತ್ತದೆ. ಒಣಗಿದ ಕಾಲುವೆಗೆ ಟ್ಯಾಂಕರಿನಲ್ಲಿ ನೀರು ಹೊಯ್ದು ಅಳೆದರೆ ಮೊದಲ ದಿನ ಒಣ ಮಣ್ಣು ಕುಡಿದ ನೀರೆಲ್ಲ ಸೋರಿಕೆಯ ಲೆಕ್ಕಕ್ಕೆ ಬಂದುಬಿಡುತ್ತದೆ. ಈ ಮೂರು ಕೊಳಗಳಿಗೆ ಒಂದೊಂದಕ್ಕೆ ಸುಮಾರು 1,370 ಘನ ಮೀಟರ್ ನೀರು ಬೇಕು, ಟ್ಯಾಂಕರಿನ ಮಾತೇ ಬೇಡ.

ಮಟ್ಟ ನೋಡುವ ಕಡ್ಡಿಯನ್ನು ತೂತು ಮಾಡಿದ ಪಿವಿಸಿ ಪೈಪಿನೊಳಗೆ ನಿಲ್ಲಿಸಿ, ಆಗ ಅಲೆಗೆ ಓದು ಕುಣಿಯುವುದಿಲ್ಲ. ಗಾಳಿ ನೀರನ್ನು ಒಂದು ತುದಿಗೆ ನೂಕುತ್ತದೆ, ಆದ್ದರಿಂದ ಎರಡು ತುದಿಗೂ ಒಂದೊಂದು ಕಡ್ಡಿ ಇಟ್ಟು ಸರಾಸರಿ ಹಿಡಿಯಿರಿ. ತಳದ ಇಳುಕಲಿನಿಂದ 300 ಮೀಟರಿನಲ್ಲಿ ಆಳ ಏಳೂವರೆ ಸೆಂಟಿಮೀಟರ್ ಬದಲಾಗುತ್ತದೆ. ಲೆಕ್ಕಕ್ಕೆ ಕೊಳದ ನಡುವಿನ ಆಳ ಬಳಸಿ. ಹತ್ತಿರದಲ್ಲೇ ಆವಿ ಅಳೆಯುವ ಪ್ಯಾನ್ ಇಡಿ. ಫೆಬ್ರವರಿಯ ಆ ದಿನ ಪ್ಯಾನಿನಲ್ಲಿ 6 ಮಿ.ಮೀ. ಇಳಿದಿತ್ತು. 0.7ರಿಂದ ಗುಣಿಸಿ 4 ಮಿ.ಮೀ. ಕಳೆದೆವು.

ಸೂತ್ರ ಚಿಕ್ಕದು:

```
S = W × (d1 − d2 − e) / (P × t)
```

`S` ನೀರು ತಾಗುವ ಲೈನಿಂಗಿನಿಂದ ದಿನಕ್ಕೆ ಸೋರುವ ನೀರಿನ ದಪ್ಪ, `W` ನೀರಿನ ಮೇಲ್ಮೈಯ ಸರಾಸರಿ ಅಗಲ, `P` ನೀರು ತಾಗುವ ಲೈನಿಂಗಿನ ಸರಾಸರಿ ಸುತ್ತಳತೆ, `d1` ಮತ್ತು `d2` ಮೊದಲ ಹಾಗೂ ಕೊನೆಯ ಆಳ, `e` ಆ ಅವಧಿಯ ಆವಿ, `t` ದಿನಗಳಲ್ಲಿ ಕಾಲ.

ಎ ಕೊಳದಲ್ಲಿ 24 ಗಂಟೆಗೆ ನೀರು 75 ಮಿ.ಮೀ. ಇಳಿಯಿತು. ಆವಿ ಕಳೆದು ಸೂತ್ರಕ್ಕೆ ಹಾಕಿದರೆ ದಿನಕ್ಕೆ 63 ಮಿ.ಮೀ. ಸಿ ಕೊಳದಲ್ಲಿ 190 ಇಳಿದು, ಸೋರಿಕೆ ದಿನಕ್ಕೆ 165 ಮಿ.ಮೀ. ಬಂತು. ಹೋಲಿಕೆಗೆ, ಲೈನಿಂಗ್ ಮಾಡಿದ ಕಾಲುವೆಗೆ ವಿನ್ಯಾಸದಲ್ಲಿ ಹಿಡಿಯುವ ರೂಢಿಯ ಅಂಕಿ ಹತ್ತು ಲಕ್ಷ ಚದರ ಮೀಟರಿಗೆ ಸೆಕೆಂಡಿಗೆ 0.6 ಘನ ಮೀಟರ್, ಅಂದರೆ ದಿನಕ್ಕೆ 52 ಮಿ.ಮೀ. ಚೂರುಚೂರಾಗಿ ಕಾಣುತ್ತಿದ್ದ ಎ ತುಂಡು ಇದಕ್ಕೆ ಹತ್ತಿರವೇ ಇತ್ತು. ಅದರ ಬಿರುಕಿನ ಕೆಳಗೆ ಗಟ್ಟಿ ಗರಸು ಇದೆ, ಬಿರುಕಿನೊಳಗೆ ಹೂಳು ಕೂತಿದೆ, ನೀರಿಗೆ ಹೋಗಲು ದಾರಿ ಇಲ್ಲ.

ಇಳಿಯುವ ಮಟ್ಟವೇ ತೂತಿನ ಎತ್ತರ ಹೇಳುತ್ತದೆ

ಬಿ ಕೊಳದ ಕಡೆ ಸ್ವಲ್ಪ ನಿಲ್ಲೋಣ. 24 ಗಂಟೆಗೆ 340 ಮಿ.ಮೀ. ಇಳಿಯಿತು. ಸೂತ್ರದಲ್ಲಿ ಹಾಗೇ ಹಾಕಿದರೆ ದಿನಕ್ಕೆ 299 ಮಿ.ಮೀ. ಬರುತ್ತದೆ. ಆದರೆ ನಮ್ಮ ಹುಡುಗ ರಾತ್ರಿಯಿಡೀ ಟಾರ್ಚ್ ಹಿಡಿದು ಗಂಟೆಗೊಂದು ಓದು ಬರೆದಿದ್ದ, ಆ ಹಾಳೆ ಬೇರೆಯದೇ ಹೇಳಿತು. ಮೊದಲ 11 ಗಂಟೆ ಗಂಟೆಗೆ 23 ಮಿ.ಮೀ.ಯಂತೆ 1.20ರಿಂದ 0.95 ಮೀಟರಿಗೆ ಇಳಿದಿತ್ತು. ಅಲ್ಲಿಂದ ಮುಂದೆ ಗಂಟೆಗೆ 7 ಮಿ.ಮೀ. ಮಾತ್ರ. ವೇಗ ಥಟ್ಟನೆ ಮುರಿದದ್ದು 0.95 ಮೀಟರಿನಲ್ಲಿ. ಅಂದರೆ ಹೆಚ್ಚಿನ ನೀರು ಹೋಗುತ್ತಿದ್ದ ದಾರಿ ಆ ಎತ್ತರದಲ್ಲಿ ಅಥವಾ ಅದಕ್ಕೂ ಮೇಲೆ ಇದೆ.

ಬೆಳಿಗ್ಗೆ ಆ ಮಟ್ಟದ ಗುಂಟ ಎಡ ಇಳಿಜಾರನ್ನು ತಂತಿ ಬ್ರಶ್ ಹಾಕಿ ತಿಕ್ಕಿದೆವು. ಪಾಚಿ ಹೋದ ಮೇಲೆ ಉದ್ದಕ್ಕೂ ಒಂದು ಗೆರೆ ಕಂಡಿತು. ಹಿಂದೆಂದೋ ಕಾಲುವೆಯ ಆಳ ಹೆಚ್ಚಿಸಲು ಹಳೆಯ ಲೈನಿಂಗಿನ ತುದಿಯ ಮೇಲೆ ಹೊಸ ಕಾಂಕ್ರೀಟ್ ಏರಿಸಿದ್ದರು. ಎರಡರ ಸಂದು ಬಾಯಿಬಿಟ್ಟಿತ್ತು. ಮೇಸ್ತ್ರಿ ಅದರೊಳಗೆ ಕರಣೆಯ ತುದಿ ತೂರಿಸಿ ತಿರುಗಿಸಿದರು. ಹಿಂದೆ ಮಣ್ಣು ತಾಗಲಿಲ್ಲ. ಜೊತೆಗೆ ಯಾರೋ ಪೈಪ್ ಹಾಕಿ ತೆಗೆದ ಎರಡು ತೂತುಗಳು, ಮೇಲೆ ಬರೀ ಸಿಮೆಂಟ್ ಸವರಿದ್ದು. ಕೊಳದ 300 ಮೀಟರಿನಲ್ಲಿ 105 ಮೀಟರ್ ಸಂದು ಬಿಟ್ಟಿತ್ತು. ಇಡೀ ಬಿ ತುಂಡಿನಲ್ಲಿ ಅಳೆದಾಗ 1,200ಕ್ಕೆ 420 ಮೀಟರ್. ಎರಡೂ ಕಡೆ ನೂರಕ್ಕೆ 35. ಆದ್ದರಿಂದ ಕೊಳದ ಅಂಕಿಯನ್ನು ಇಡೀ ತುಂಡಿಗೆ ಹಿಗ್ಗಿಸಲು ಅಡ್ಡಿಯಿರಲಿಲ್ಲ. ಈ ಹೊಂದಿಕೆ ನೋಡದೆ ಹಿಗ್ಗಿಸಬೇಡಿ.

ಕಾಲುವೆ ಆವರ್ತನದಲ್ಲಿ ತುಂಬಿಯೇ ಹರಿಯುತ್ತದೆ, ಹಾಗಾಗಿ ಬಿ ತುಂಡಿಗೆ 24 ಗಂಟೆಯ ಸರಾಸರಿ ಹಿಡಿದರೆ ತಪ್ಪು. ಮೊದಲ 11 ಗಂಟೆಯನ್ನಷ್ಟೇ ಹಿಡಿದರೆ ದಿನಕ್ಕೆ 481 ಮಿ.ಮೀ. ತುಂಬಿ ಹರಿಯುವಾಗ ಪ್ರತಿ ಮೀಟರ್ ಉದ್ದಕ್ಕೆ 6.33 ಚದರ ಮೀಟರ್ ಲೈನಿಂಗ್ ನೆನೆಯುತ್ತದೆ. ಗುಣಿಸಿದರೆ ಎ ತುಂಡಿನಿಂದ ದಿನಕ್ಕೆ ಸುಮಾರು 960 ಘನ ಮೀಟರ್, ಬಿಯಿಂದ 3,650, ಸಿಯಿಂದ 2,510. ಒಟ್ಟು 7,120 ಘನ ಮೀಟರ್, ಸೆಕೆಂಡಿಗೆ 82 ಲೀಟರ್. ಉದ್ದದಲ್ಲಿ ಐದನೇ ಒಂದು ಪಾಲಾದ ಬಿ ತುಂಡು ಸೋರಿಕೆಯಲ್ಲಿ ಅರ್ಧ ಪಾಲು ತಿನ್ನುತ್ತಿದೆ.

ಹಂತಗಳನ್ನು ಜೋಡಿಸುವುದು

ಈಗ ದುರಸ್ತಿಯನ್ನು ನೀರಿನ ಲೆಕ್ಕದಲ್ಲೇ ತೂಗಬಹುದು. ಬಿಯಲ್ಲಿ ಬಾಯಿಬಿಟ್ಟ ಸಂದಿನ ಕೆಳಗಿನಿಂದ ಏರಿಯ ತುದಿಯವರೆಗೆ ಇಳಿಜಾರಿನಲ್ಲಿ 1.44 ಮೀಟರ್ ಅಗಲದ ಪಟ್ಟಿ ತೆಗೆದು ಹೊಸದಾಗಿ ಮಾಡಿದರೆ 420 ಮೀಟರಿಗೆ 605 ಚದರ ಮೀಟರ್. ಆ ದಾರಿ ಮುಚ್ಚಿದರೆ ಉಳಿಯುವುದು ಕೊಳದ ನಿಧಾನದ ವೇಗ, ದಿನಕ್ಕೆ 145 ಮಿ.ಮೀ. ಹಾಗಾಗಿ ಉಳಿತಾಯ ದಿನಕ್ಕೆ 2,550 ಘನ ಮೀಟರ್, ವರ್ಷದಲ್ಲಿ 90 ದಿನ ಹರಿವು ಎಂದರೆ 2.3 ಲಕ್ಷ ಘನ ಮೀಟರ್. ಸಿಯಲ್ಲಿ ಟೊಳ್ಳು ಎಂದು ಗುರುತಾದ 700 ಮೀಟರನ್ನು ಪೂರ್ತಿ ಹೊಸದು ಮಾಡಿದರೆ 5,440 ಚದರ ಮೀಟರ್ ಕೆಲಸ. ಸೋರಿಕೆ 165ರಿಂದ 90ಕ್ಕೆ ಇಳಿದರೂ ಉಳಿತಾಯ ದಿನಕ್ಕೆ 1,140 ಘನ ಮೀಟರ್. ಬಿಯಲ್ಲಿ ಒಂದು ಚದರ ಮೀಟರ್ ದುರಸ್ತಿ ದಿನಕ್ಕೆ ನಾಲ್ಕು ಘನ ಮೀಟರಿಗೂ ಹೆಚ್ಚು ಉಳಿಸುತ್ತದೆ, ಸಿಯಲ್ಲಿ ಕಾಲು ಘನ ಮೀಟರೂ ಇಲ್ಲ. ಪ್ರಸ್ತಾವದ ಮೊದಲ ಪುಟದಲ್ಲಿ ಈ ಎರಡು ಅಂಕಿ ಇರಲಿ, ಉಳಿದದ್ದನ್ನು ಒಳಗೆ ಬರೆಯಿರಿ.

ಮೊದಲ ಹಂತ ಬಿ ತುಂಡು. ಪೈಪಿನ ತೂತಿಗೆ ಮುಂದಿನಿಂದ ಸಿಮೆಂಟ್ ತುಂಬುವುದು ಕೆಲಸವೇ ಅಲ್ಲ. ಪೈಪ್ ಹೋದ ದಾರಿಯನ್ನು ಏರಿಯ ಒಳಬದಿಯಿಂದ ಹೊರಬದಿಯವರೆಗೂ ಅಗೆದು ತೆರೆದು, ತೆಳು ಪದರಗಳಲ್ಲಿ ಹದ ತೇವದ ಮಣ್ಣು ಹಾಕಿ ದಮ್ಮಸು ಮಾಡುತ್ತ ಮೇಲೆ ಬರಬೇಕು. ಏಡಿ, ಇಲಿ ಬಿಲಗಳಿಗೂ ಇದೇ ಮದ್ದು. ಸಂದಿನ ಪಟ್ಟಿ ತೆಗೆದ ಮೇಲೆ ಹಿಂದಿನ ಮಣ್ಣು ಗಟ್ಟಿ ಮಾಡಿ, ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಿ, ಹಾಳೆಯನ್ನು ಹಳೆಯ ಪ್ಯಾನೆಲಿನ ಕೆಳಗೆ ತೂರಿಸಿ, ಮೇಲೆ ಕಾಂಕ್ರೀಟ್ ಹಾಕಬೇಕು. ಹಾಳೆ ಹಳೆಯ ಅಂಚಿನಲ್ಲೇ ನಿಂತರೆ ಅದೇ ಸಂದು ಮತ್ತೆ ಸೋರುತ್ತದೆ.

ದಿನಗಳ ಲೆಕ್ಕ ಹಿಂದಿನಿಂದ ಹಾಕಿ. ಎರಡು ಆವರ್ತನಗಳ ನಡುವೆ 20 ದಿನ ಸಿಕ್ಕರೆ ಕೊನೆಯ 7 ದಿನ ಕ್ಯೂರಿಂಗಿಗೆ, ಮೊದಲ 3 ದಿನ ಒಣಗಲು. ಕೆಲಸಕ್ಕೆ ಉಳಿಯುವುದು 10 ದಿನ, ದಿನಕ್ಕೆ 42 ಮೀಟರ್. ಒಂದು ತಂಡಕ್ಕೆ ಆಗದಿದ್ದರೆ ಎರಡು ತಂಡ ಹಾಕಿ, ಇಲ್ಲವೇ ಎರಡು ಬಂದ್‌ಗಳಿಗೆ ಹಂಚಿ. ಕ್ಯೂರಿಂಗ್ ಕಡಿಮೆ ಮಾಡಿ ಸರಿಹೊಂದಿಸಬೇಡಿ.

ಎರಡನೇ ಹಂತ ಸಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಎಷ್ಟು ದಪ್ಪವಾದರೂ ಉಳಿಯುವುದಿಲ್ಲ. ನಡುವೆ ಉಬ್ಬದ ಮಣ್ಣಿನ ಪದರ ಬೇಕು, ಐಎಸ್ 9451 ಹೇಳುವುದೂ ಅದನ್ನೇ. ದಪ್ಪ ಎಷ್ಟು ಎಂಬುದನ್ನು ಮಣ್ಣಿನ ಉಬ್ಬುವ ಒತ್ತಡದ ಪರೀಕ್ಷೆ ನಿರ್ಧರಿಸುತ್ತದೆ. ಇಲ್ಲಿ 75 ಸೆಂಟಿಮೀಟರ್ ಹಿಡಿದೆವು. ಅಂದರೆ 4,000 ಘನ ಮೀಟರ್ ಎರೆ ತೆಗೆದು ಅಷ್ಟೇ ಒಳ್ಳೆಯ ಗರಸು ತುಂಬಬೇಕು. ಖರ್ಚು ಇರುವುದು ಕಾಂಕ್ರೀಟಿನಲ್ಲಲ್ಲ, ಇಲ್ಲಿ. ಮಳೆಗಾಲದಲ್ಲಿ ಕಾಲುವೆ ಬಂದ್ ಇದ್ದರೂ ಹಸಿ ಎರೆಯಲ್ಲಿ ದಮ್ಮಸು ಕೂರುವುದಿಲ್ಲ, ಆದ್ದರಿಂದ ಬೇಸಿಗೆಯ ಬಂದ್‌ಗಳಲ್ಲಿ ತುಂಡುತುಂಡಾಗಿ ಎರಡು ವರ್ಷ ಮಾಡುವಂತೆ ಬರೆದೆವು. ತಳದಲ್ಲಿ ಒತ್ತಡ ಬಿಡುವ ವಾಲ್ವ್‌ಗಳನ್ನೂ ಸೇರಿಸಿದೆವು. ಕಾಲುವೆಯನ್ನು ಗಬಕ್ಕನೆ ಖಾಲಿ ಮಾಡಿದಾಗ ಹಿಂದಿನ ನೆನೆದ ಮಣ್ಣಿನ ನೀರು ಪ್ಯಾನೆಲನ್ನು ಒಳಕ್ಕೆ ತಳ್ಳುತ್ತದೆ. ಗೇಟನ್ನು ಒಂದೇ ಸಲ ಮುಚ್ಚದೆ ನಿಧಾನವಾಗಿ ಇಳಿಸಬೇಕೆಂದು ಪಾಟಕರಿಗೂ ಹೇಳಿದೆವು.

ಎ ತುಂಡಿಗೆ ಸಂದುಗಳ ಹುಲ್ಲು ಕಿತ್ತು, ಚೊಕ್ಕ ಮಾಡಿ ಸೀಲಂಟ್ ತುಂಬಿದರೆ ಈಗ ಸಾಕು. ತಳ ಒರಟಾಗಿರುವುದರಿಂದ ಹರಿವಿನ ವೇಗ ಸ್ವಲ್ಪ ತಗ್ಗುತ್ತದೆ ನಿಜ, ಅದನ್ನು ಮೂರನೇ ಹಂತಕ್ಕೆ ಬಿಡಬಹುದು.

ಪ್ರಸ್ತಾವದಲ್ಲಿ ಬಾವಿಗಳ ಪಟ್ಟಿ ಸೇರಿಸಿ. ಬಿ ತುಂಡಿನ ಬುಡದಲ್ಲಿ ಐದು ಬಾವಿಗಳಿದ್ದವು, ಸೋರಿದ ನೀರಿನಲ್ಲೇ ಬದುಕಿದ್ದವು. ಸಂದು ಮುಚ್ಚಿದರೆ ಅವುಗಳ ಮಟ್ಟ ಇಳಿಯುತ್ತದೆ. ಆ ರೈತರು ನೀರು ಕದ್ದವರಲ್ಲ, ಬಂದ ನೀರಿಗೆ ಬೆಳೆ ಹೊಂದಿಸಿಕೊಂಡವರು. ಅವರನ್ನು ಮೊದಲೇ ಕೂರಿಸಿ ಮಾತಾಡಿ, ತೂಬಿನ ಪಾಳಿಯಲ್ಲಿ ಅವರಿಗೆ ಜಾಗ ಕೊಡಲು ಇಲಾಖೆಗೆ ಬರೆಯಬೇಕು. ಇದನ್ನು ಬಿಟ್ಟರೆ ಹೊಸ ಕಾಂಕ್ರೀಟ್ ಪಟ್ಟಿಯಲ್ಲಿ ಆರು ತಿಂಗಳಲ್ಲಿ ಮತ್ತೆ ಪೈಪಿನ ತೂತು ಕಾಣುತ್ತದೆ.

ಕೆಲಸ ಮುಗಿದ ಮುಂದಿನ ಫೆಬ್ರವರಿಯಲ್ಲಿ ಅದೇ 300 ಮೀಟರಿನಲ್ಲಿ, ಅದೇ ಗುರುತುಗಳ ನಡುವೆ ಒಡ್ಡು ಕಟ್ಟಿ ಮತ್ತೆ ಅಳೆಯುವ ಖರ್ಚನ್ನೂ ಮೊದಲ ಹಂತದಲ್ಲೇ ಸೇರಿಸಿ. ಗಂಟೆಗೊಂದು ಓದು ಬರೆದ ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟುಕೊಳ್ಳಿ. ಸಂದು ನಿಜವಾಗಿ ಮುಚ್ಚಿದ್ದರೆ ನೀರು 0.95 ಮೀಟರ್ ದಾಟುವಾಗ ಇಳಿಯುವ ವೇಗ ಮುರಿಯಬಾರದು.